ಡಿಸೆಂಬರ್ 34, ಜನವರಿ 25: ಛತ್ರಿಯ ಋತುಮಾನ ಸೂಚ್ಯಂಕದಲ್ಲಿ ಅಡಗಿರುವ ಏರಿಕೆ

ಪ್ರಶ್ನೆ: ಛತ್ರಿ ಮಾರಾಟದ ಮೂರು ವರ್ಷಗಳ ತಿಂಗಳುವಾರು ಲೆಕ್ಕ ಕಳುಹಿಸಿದ್ದೇನೆ. ಒಟ್ಟು ಮಾರಾಟ ಮೊದಲ ವರ್ಷ 1800, ಎರಡನೆಯ ವರ್ಷ 2400, ಮೂರನೆಯ ವರ್ಷ 3000. ಪ್ರತಿ ತಿಂಗಳ ಮಾರಾಟವನ್ನು ಆಯಾ ವರ್ಷದ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ ಸೂಚ್ಯಂಕ ಮಾಡಿಕೊಂಡೆ. ಡಿಸೆಂಬರ್, ಜನವರಿ ಎರಡೂ ಒಣ ತಿಂಗಳು, ಆದರೂ ಡಿಸೆಂಬರಿನ ಸೂಚ್ಯಂಕವೇ ಪ್ರತಿ ಸಲ ಹೆಚ್ಚು ಬರುತ್ತಿದೆ, ಏಕೆ? ಜೂನ್ ಸೂಚ್ಯಂಕ ಎರಡು ವರ್ಷ 260ರ ಆಸುಪಾಸಿನಲ್ಲಿದ್ದು ಕಳೆದ ವರ್ಷ 180ಕ್ಕೆ ಇಳಿದಿದೆ. ಮೂರರ ಸರಾಸರಿ ತೆಗೆದುಕೊಂಡರೆ ಸಾಕೇ? ಸಿಹಿತಿಂಡಿಗೂ ಇದೇ ರೀತಿ ಸೂಚ್ಯಂಕ ಮಾಡಿ ಎರಡನ್ನೂ ಹೋಲಿಸಬಹುದೇ?

ಉತ್ತರ: ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ. ಆದರೆ ಭಾಜಕವಾಗಿ ಹಿಡಿದ ವರ್ಷದ ಸರಾಸರಿಯೇ ಈ ಮಾರಾಟಕ್ಕೆ ಸರಿಯಾದ ಅಳತೆಗೋಲಲ್ಲ. ಪಟ್ಟಿಯಲ್ಲಿರುವ ಮೂವತ್ತಾರು ಅಂಕಿಗಳಲ್ಲಿ ನಿಮ್ಮ ಪ್ರಶ್ನೆಗೆ ಬೇಕಾದ ನಾಲ್ಕು ತಿಂಗಳುಗಳನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ. ಆವರಣದಲ್ಲಿರುವುದು ನೀವು ಮಾಡಿದ ಸೂಚ್ಯಂಕ.

| ವರ್ಷ | ಸರಾಸರಿ | ಜನವರಿ | ಜೂನ್ | ಜುಲೈ | ಡಿಸೆಂಬರ್ |
|---|---|---|---|---|---|
| ಒಂದು | 150 | 36 (24) | 390 (260) | 360 (240) | 51 (34) |
| ಎರಡು | 200 | 50 (25) | 528 (264) | 476 (238) | 66 (33) |
| ಮೂರು | 250 | 65 (26) | 450 (180) | 800 (320) | 80 (32) |

ಸೂಚ್ಯಂಕ 100 ಎಂದರೆ ಆ ತಿಂಗಳ ಮಾರಾಟ ವರ್ಷದ ಸರಾಸರಿಯಷ್ಟೇ ಇದೆ ಎಂದು. 260 ಎಂದರೆ ಸರಾಸರಿ ತಿಂಗಳಿನ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. 24 ಎಂದರೆ ಸರಾಸರಿಯ ಕಾಲು ಭಾಗಕ್ಕಿಂತ ತುಸು ಕಡಿಮೆ. ಇಷ್ಟು ನಿಮಗೆ ಗೊತ್ತೇ ಇದೆ. ಈಗ ಪಟ್ಟಿಯನ್ನು ಅಡ್ಡಸಾಲಿನಲ್ಲಿ ಓದುವುದನ್ನು ಬಿಟ್ಟು, ಒಂದು ವರ್ಷದ ಕೊನೆಯ ಅಂಕಿಯನ್ನು ಮುಂದಿನ ವರ್ಷದ ಮೊದಲ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಮೊದಲ ವರ್ಷದ ಡಿಸೆಂಬರಿನಲ್ಲಿ 51 ಛತ್ರಿ ಮಾರಾಟವಾಗಿದೆ. ಅದಾದ ಮರುತಿಂಗಳೇ, ಎರಡನೆಯ ವರ್ಷದ ಜನವರಿಯಲ್ಲಿ, 50. ಎರಡನೆಯ ವರ್ಷದ ಡಿಸೆಂಬರಿನಲ್ಲಿ 66, ಅದರ ಬೆನ್ನಿಗೇ ಬಂದ ಜನವರಿಯಲ್ಲಿ 65. ಅಂದರೆ ಗಿರಾಕಿಗಳ ಮಟ್ಟಿಗೆ ಈ ಎರಡು ತಿಂಗಳುಗಳ ನಡುವೆ ವ್ಯತ್ಯಾಸವೇ ಇಲ್ಲ. ಆದರೂ 51ಕ್ಕೆ 34 ಎಂಬ ಸೂಚ್ಯಂಕ ಬಂದಿದೆ, 50ಕ್ಕೆ 25 ಬಂದಿದೆ. ಬದಲಾದದ್ದು ಭಾಜಕ ಮಾತ್ರ: ಒಂದನ್ನು 150ರಿಂದ ಭಾಗಿಸಿದಿರಿ, ಇನ್ನೊಂದನ್ನು 200ರಿಂದ.

ನಿಮ್ಮ ಮಾರಾಟ ವರ್ಷಕ್ಕೆ ತಿಂಗಳ ಸರಾಸರಿಯಲ್ಲಿ 50ರಂತೆ ಏರುತ್ತಿದೆ. ಈ ಏರಿಕೆ ಡಿಸೆಂಬರ್ 31ರ ರಾತ್ರಿ ಒಮ್ಮೆಲೇ ಆಗುವುದಿಲ್ಲ. ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ, ಸುಮಾರು 4.17ರಂತೆ ಆಗುತ್ತದೆ. ಹಾಗಾಗಿ ಮೊದಲ ವರ್ಷದ ಸರಾಸರಿ 150 ಎಂಬುದು ಆ ವರ್ಷದ ನಡುಭಾಗಕ್ಕೆ, ಜೂನ್ ಮತ್ತು ಜುಲೈ ಕೂಡುವ ಜಾಗಕ್ಕೆ, ಸಲ್ಲುವ ಸಂಖ್ಯೆ. ಜನವರಿಯಲ್ಲಿ ವ್ಯಾಪಾರ ಇನ್ನೂ ಆ ಮಟ್ಟಕ್ಕೆ ಬಂದಿರಲಿಲ್ಲ, ಡಿಸೆಂಬರಿನ ಹೊತ್ತಿಗೆ ಅದನ್ನು ದಾಟಿಯಾಗಿತ್ತು. ಎರಡನ್ನೂ 150ರಿಂದ ಭಾಗಿಸಿದಾಗ ಜನವರಿಗೆ ಅನ್ಯಾಯವಾಯಿತು, ಡಿಸೆಂಬರಿಗೆ ಪುಕ್ಕಟೆ ಲಾಭವಾಯಿತು. ನಿಮ್ಮ 34 ಮತ್ತು 24ರ ನಡುವಿನ ಅಂತರದಲ್ಲಿ ಋತುವಿನ ಪಾಲು ತೀರಾ ಕಡಿಮೆ. ಹೆಚ್ಚಿನದು ವ್ಯಾಪಾರದ ಬೆಳವಣಿಗೆ.

ಇದಕ್ಕೆ ಪಟ್ಟಿಯಲ್ಲೇ ಇನ್ನೊಂದು ಸಾಕ್ಷಿಯಿದೆ. ಡಿಸೆಂಬರ್ ಮತ್ತು ಜನವರಿ ಸೂಚ್ಯಂಕಗಳ ಅಂತರ ಮೊದಲ ವರ್ಷ 10, ಆಮೇಲೆ 8, ಆಮೇಲೆ 6 ಎಂದು ಕಿರಿದಾಗುತ್ತ ಬಂದಿದೆ. ಏರಿಕೆ ಪ್ರತಿ ವರ್ಷವೂ 50 ಆಗಿದ್ದರೂ, 150ರ ಮೇಲೆ 50 ಎಂಬುದು ದೊಡ್ಡದು, 250ರ ಮೇಲೆ 50 ಎಂಬುದು ಅಷ್ಟು ದೊಡ್ಡದಲ್ಲ. ನಿಜವಾದ ಋತುಗುಣವಾಗಿದ್ದರೆ ಅಂತರ ಹೀಗೆ ಕ್ರಮವಾಗಿ ಕುಗ್ಗುವುದಕ್ಕೆ ಕಾರಣವಿರಲಿಲ್ಲ.

ಹಾಗಾದರೆ ಸರಿಪಡಿಸುವುದು ಹೇಗೆ? ಪ್ರತಿ ತಿಂಗಳನ್ನು ಇಡೀ ವರ್ಷದ ಸರಾಸರಿಯಿಂದ ಭಾಗಿಸುವ ಬದಲು, ಆ ತಿಂಗಳಲ್ಲಿ ವ್ಯಾಪಾರ ಯಾವ ಮಟ್ಟದಲ್ಲಿತ್ತೋ ಆ ಮಟ್ಟದಿಂದ ಭಾಗಿಸಬೇಕು. ನಿಮ್ಮ ಏರಿಕೆ ಮೂರು ವರ್ಷವೂ ಒಂದೇ ಅಳತೆಯಲ್ಲಿರುವುದರಿಂದ ಆ ಮಟ್ಟವನ್ನು ಒಂದು ಸರಳ ಸೂತ್ರದಿಂದ ತೆಗೆಯಬಹುದು. ಜನವರಿಗೆ ಸಂಖ್ಯೆ 1, ಡಿಸೆಂಬರಿಗೆ 12 ಎಂದಿಟ್ಟುಕೊಳ್ಳಿ. ವರ್ಷದ ನಡು 6.5.

```
ಮಟ್ಟ = ವರ್ಷದ ಸರಾಸರಿ + (ತಿಂಗಳ ಸಂಖ್ಯೆ − 6.5) × 4.17
ಸೂಚ್ಯಂಕ = ಮಾರಾಟ ÷ ಮಟ್ಟ × 100
```

ಮೊದಲ ವರ್ಷದ ಜನವರಿಯನ್ನೇ ಹಾಕಿ ನೋಡೋಣ. ಅದು ವರ್ಷದ ನಡುವಿಗಿಂತ ಐದೂವರೆ ತಿಂಗಳು ಹಿಂದಿದೆ. ಐದೂವರೆಯನ್ನು 4.17ರಿಂದ ಗುಣಿಸಿದರೆ ಸುಮಾರು 23. 150ರಲ್ಲಿ 23 ಕಳೆದರೆ 127. ಮಾರಾಟ 36 ಅನ್ನು 127ರಿಂದ ಭಾಗಿಸಿದರೆ 28.3. ಅದೇ ವರ್ಷದ ಡಿಸೆಂಬರಿನ ಮಟ್ಟ 150ಕ್ಕೆ 23 ಕೂಡಿಸಿ 173. 51 ಅನ್ನು 173ರಿಂದ ಭಾಗಿಸಿದರೆ 29.5. ಎರಡನೆಯ ವರ್ಷ ಇದೇ ಲೆಕ್ಕದಿಂದ ಜನವರಿಗೆ 28.2, ಡಿಸೆಂಬರಿಗೆ 29.6. ಮೂರನೆಯ ವರ್ಷ 28.6 ಮತ್ತು 29.3. ಹತ್ತು ಅಂಶಗಳ ಅಂತರ ಒಂದಕ್ಕೆ ಇಳಿಯಿತು. ಅಷ್ಟೇ ಮುಖ್ಯವಾದದ್ದು, ಮೂರು ವರ್ಷಗಳ ಉತ್ತರಗಳೂ ಪರಸ್ಪರ ಹೊಂದಿಕೊಂಡವು. ವರ್ಷದಿಂದ ವರ್ಷಕ್ಕೆ ಅಲುಗಾಡದೆ ನಿಲ್ಲುವ ಸಂಖ್ಯೆಯನ್ನು ಮಾತ್ರ ಋತುವಿನ ಗುಣ ಎಂದು ನಂಬಬಹುದು.

‘ಇಷ್ಟು ಸಣ್ಣ ತಿಂಗಳುಗಳ ಸೂಚ್ಯಂಕ ತುಸು ಆಚೀಚೆ ಆದರೆ ಏನಾಯಿತು’ ಎಂದು ನಿಮಗೆ ಅನಿಸಬಹುದು. ಏರಿಕೆ ಇದೇ ವೇಗದಲ್ಲಿ ಮುಂದುವರಿಯುವ ತನಕ ಹೆಚ್ಚೇನೂ ಆಗುವುದಿಲ್ಲ, ಏಕೆಂದರೆ ಅದೇ ದೋಷ ಮುಂದಿನ ವರ್ಷದಲ್ಲೂ ಪುನರಾವರ್ತನೆಯಾಗಿ ಲೆಕ್ಕ ಸರಿಹೋದಂತೆ ಕಾಣುತ್ತದೆ. ತೊಂದರೆ ಬರುವುದು ಬೆಳವಣಿಗೆ ನಿಂತಾಗ. ಮಾರಾಟ ಈಗ ತಲುಪಿರುವ 275ರ ಮಟ್ಟದಲ್ಲೇ ಮುಂದಿನ ವರ್ಷವೂ ನಿಂತಿತು ಎಂದುಕೊಳ್ಳಿ. ಹಳೆಯ ಸೂಚ್ಯಂಕ (ಡಿಸೆಂಬರಿಗೆ ಸರಾಸರಿ 33) ಡಿಸೆಂಬರಿನಲ್ಲಿ 91 ಛತ್ರಿ ಹೋಗುತ್ತದೆ ಎನ್ನುತ್ತದೆ, ಆದರೆ ಹೋಗುವುದು 82ರ ಆಸುಪಾಸು. ಜನವರಿಗೆ 69 ಎನ್ನುತ್ತದೆ, ಹೋಗುವುದು 77. ಡಿಸೆಂಬರಿನ ಕೊರತೆಯನ್ನು ಕಂಡು ನೀವು ಗಾಬರಿಯಾಗುತ್ತೀರಿ, ಜನವರಿಯ ಹೆಚ್ಚುವರಿ ಕಂಡು ಹಿಗ್ಗುತ್ತೀರಿ. ಎರಡಕ್ಕೂ ಅಂಗಡಿಯಲ್ಲಿ ಕಾರಣವಿರುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ಹೆಚ್ಚು ಸಾಮಾನ್ಯ. ಕೆಲವರು ಮುನ್ನಂದಾಜಿಗೆ ಏರುವ ಮಟ್ಟವನ್ನು ಬಳಸುತ್ತಾರೆ, ಅದನ್ನು ಗುಣಿಸುವುದು ಮಾತ್ರ ಏರಿಕೆ ತುಂಬಿಕೊಂಡಿರುವ ಹಳೆಯ ಸೂಚ್ಯಂಕದಿಂದ. ಆಗ ಬೆಳವಣಿಗೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ: ಡಿಸೆಂಬರಿನ ಅಂದಾಜು ಉಬ್ಬುತ್ತದೆ, ಜನವರಿಯದು ಎರಡು ಸಲ ಕುಗ್ಗುತ್ತದೆ. ಏರುವ ಮಟ್ಟದ ಜೊತೆ ಶುದ್ಧಗೊಳಿಸಿದ ಸೂಚ್ಯಂಕ, ಇಲ್ಲವೇ ವರ್ಷದ ಚಪ್ಪಟೆ ಸರಾಸರಿಯ ಜೊತೆ ನಿಮ್ಮ ಹಳೆಯ ಸೂಚ್ಯಂಕ. ಈ ಜೋಡಿಗಳನ್ನು ಅದಲುಬದಲು ಮಾಡಬಾರದು.

ಈಗ ಜೂನ್ ತಿಂಗಳಿಗೆ ಬರೋಣ. ನಿಮ್ಮ ಪಟ್ಟಿಯಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡದ್ದು ಇದೇ.

ಮೊದಲು ಮೇಲಿನ ಸೂತ್ರದಿಂದಲೇ ಜೂನ್, ಜುಲೈ ಎರಡನ್ನೂ ಸರಿಪಡಿಸೋಣ. ಇವು ವರ್ಷದ ನಡುವಿನಲ್ಲೇ ಇರುವುದರಿಂದ ಹೆಚ್ಚು ಬದಲಾಗುವುದಿಲ್ಲ. ಜೂನ್: 264, 267, 181. ಜುಲೈ: 237, 236, 317. ಮೂರು ವರ್ಷಗಳ ಸರಾಸರಿ ತೆಗೆದರೆ ಜೂನ್‌ಗೆ 237, ಜುಲೈಗೆ 263. ಅಂದರೆ ‘ಜುಲೈ ದೊಡ್ಡ ತಿಂಗಳು, ಜೂನ್ ಅದಕ್ಕಿಂತ ಸ್ವಲ್ಪ ಕಡಿಮೆ’ ಎಂದಾಯಿತು. ಅಂಥ ವರ್ಷ ನಿಮ್ಮ ಲೆಕ್ಕದಲ್ಲಿ ಒಮ್ಮೆಯೂ ಬಂದಿಲ್ಲ. ಎರಡು ವರ್ಷ ಜೂನ್ ಮುಂದಿತ್ತು. ಮೂರನೆಯ ವರ್ಷ ಜುಲೈ ಬಹಳ ಮುಂದಿತ್ತು. ಸರಾಸರಿ ತೋರಿಸುತ್ತಿರುವುದು ಇವೆರಡರ ನಡುವಿನ, ಎಂದೂ ನಡೆಯದ ಒಂದು ವರ್ಷವನ್ನು. ಅದನ್ನು ನಂಬಿ ಸರಕು ತರಿಸಿದರೆ ಮಳೆ ಹೊತ್ತಿಗೆ ಬಂದ ವರ್ಷದ ಜೂನ್‌ನಲ್ಲಿ ಛತ್ರಿ ಸಾಲದೆ ಬರುತ್ತದೆ, ತಡವಾಗಿ ಬಂದ ವರ್ಷದ ಜುಲೈಯಲ್ಲೂ ಸಾಲದೆ ಬರುತ್ತದೆ.

ಆದರೆ ಮೂರನೆಯ ವರ್ಷದ 181 ಏಕೆ ಬಂತು ಎಂಬುದನ್ನು ಊಹಿಸದೆ ಲೆಕ್ಕದಿಂದಲೇ ಪರೀಕ್ಷಿಸಬಹುದು. ಜೂನ್ ಮತ್ತು ಜುಲೈ ಸೂಚ್ಯಂಕಗಳನ್ನು ಕೂಡಿಸಿ. ಮೊದಲ ವರ್ಷ 501, ಎರಡನೆಯ ವರ್ಷ 503, ಮೂರನೆಯ ವರ್ಷ 498. ಎರಡು ತಿಂಗಳ ಒಟ್ಟು ಬೇಡಿಕೆ ಎಲ್ಲಿಗೂ ಹೋಗಿಲ್ಲ. ಜೂನ್‌ನಲ್ಲಿ ಕೊಳ್ಳಬೇಕಿದ್ದವರು ಜುಲೈಯಲ್ಲಿ ಕೊಂಡರು, ಅಷ್ಟೇ. ಇದು ಮಳೆ ತಡವಾದ ವರ್ಷದ ಗುರುತು.

ಜೂನ್ 181ಕ್ಕೆ ಬೇರೆ ಕಾರಣಗಳೂ ಇರಬಹುದಿತ್ತು, ಆಗ ಅಂಕಿಗಳು ಬೇರೆ ರೀತಿ ಕಾಣುತ್ತಿದ್ದವು. ಜೂನ್ ಮಧ್ಯದಲ್ಲೇ ನಿಮ್ಮ ದಾಸ್ತಾನು ಮುಗಿದುಹೋಗಿದ್ದರೆ ಗಿರಾಕಿಗಳು ಒಂದು ತಿಂಗಳು ಕಾಯುತ್ತಿರಲಿಲ್ಲ. ಮಳೆಯಲ್ಲಿ ನೆನೆಯುತ್ತಿರುವವರು ಅಂದೇ ಬೇರೆ ಕಡೆ ಕೊಳ್ಳುತ್ತಾರೆ. ಆಗ ಜೂನ್ ಇಳಿಯುತ್ತಿತ್ತು, ಜುಲೈ ಎಂದಿನಂತೆ 237ರ ಬಳಿ ಇರುತ್ತಿತ್ತು, ಮೊತ್ತ 420ರ ಆಸುಪಾಸಿಗೆ ಕುಸಿಯುತ್ತಿತ್ತು. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಏಕೆಂದರೆ ನಾವು ಬೇಡಿಕೆಯ ಸೂಚ್ಯಂಕ ಎಂದು ಕರೆಯುವುದು ವಾಸ್ತವವಾಗಿ ಮಾರಾಟದ ಸೂಚ್ಯಂಕ. ಸರಕು ಇಲ್ಲದ ದಿನದ ಬೇಡಿಕೆ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ದಾಸ್ತಾನು ಮುಗಿದ ತಿಂಗಳಿದ್ದರೆ ಸರಕು ಇದ್ದ ದಿನಗಳ ದಿನವಹಿ ಮಾರಾಟವನ್ನು ತೆಗೆದು ಇಡೀ ತಿಂಗಳಿಗೆ ಹಿಗ್ಗಿಸಿ, ಆಮೇಲೆ ಸೂಚ್ಯಂಕ ಮಾಡಬೇಕು. ಅದೂ ಸಂಪೂರ್ಣ ಸರಿಯಲ್ಲ, ಏಕೆಂದರೆ ಸರಕು ಮುಗಿಯುವುದು ಸಾಮಾನ್ಯವಾಗಿ ಮಾರಾಟ ಜೋರಾಗಿದ್ದಾಗಲೇ. ಆದರೂ ಸೊನ್ನೆಯನ್ನು ಬೇಡಿಕೆ ಎಂದು ಬರೆದುಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಹಾಗಾದರೆ ಜೂನ್‌ಗೆ ಯಾವ ಸಂಖ್ಯೆ ಹಿಡಿಯಬೇಕು? ನನ್ನ ಸಲಹೆ ಮಧ್ಯಾಂಕ. 181, 264, 267 ಎಂದು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಡುವಿನದು 264. ಜುಲೈಗೆ ನಡುವಿನದು 237. ಇವೆರಡರ ಮೊತ್ತ 501, ಅಂದರೆ ಮೂರೂ ವರ್ಷಗಳ ಮೊತ್ತದ ಜೊತೆ ಹೊಂದುತ್ತದೆ. ಮಧ್ಯಾಂಕ ಮಾಮೂಲಿ ವರ್ಷವನ್ನು ಹೇಳುತ್ತದೆ. ಅಸಾಮಾನ್ಯ ವರ್ಷ ಅದನ್ನು ತನ್ನ ಕಡೆಗೆ ಎಳೆಯಲಾರದು. ಸರ್ಕಾರಿ ಅಂಕಿಅಂಶ ಕಚೇರಿಗಳೂ ಇಂಥ ವರ್ಷಗಳಿಗೆ ಪೂರ್ಣ ತೂಕ ಕೊಡುವುದಿಲ್ಲ. ಅಮೆರಿಕದ ಜನಗಣತಿ ಸಂಸ್ಥೆ 1965ರಲ್ಲಿ ಹೊರತಂದ ಎಕ್ಸ್-11 ವಿಧಾನದಲ್ಲಿ, ಉಳಿದ ವರ್ಷಗಳಿಂದ ತೀರಾ ದೂರ ಬಿದ್ದ ಅನುಪಾತದ ತೂಕವನ್ನು ತಗ್ಗಿಸುವ ಹಂತವೇ ಒಂದಿದೆ.

ಆದರೆ ಮಳೆ ತಡವಾಗುವುದನ್ನು ಬರೀ ‘ಅಸಾಮಾನ್ಯ’ ಎಂದು ಬದಿಗಿಟ್ಟರೂ ಆಗದು. ಅದು ಮತ್ತೆ ಬರುತ್ತದೆ. ಆದ್ದರಿಂದ ಸರಕು ತರಿಸುವ ನಿರ್ಧಾರಕ್ಕೆ ಜೂನ್, ಜುಲೈ ಎರಡನ್ನೂ ಒಂದು ಗಂಟಾಗಿ ನೋಡಿ: ಎರಡೂ ಸೇರಿ ಸುಮಾರು 500, ಅಂದರೆ ಸರಾಸರಿ ತಿಂಗಳಿನ ಐದು ಪಟ್ಟು. ಈ ಸಂಖ್ಯೆ ಗಟ್ಟಿಯಾಗಿದೆ. ಅದರೊಳಗಿನ ಹಂಚಿಕೆ ಮಾತ್ರ ಮಳೆಯ ಕೈಯಲ್ಲಿದೆ. ಒಟ್ಟು ಎಷ್ಟು ಬೇಕು ಎಂಬುದನ್ನು ಗಟ್ಟಿ ಸಂಖ್ಯೆಯಿಂದ ತೀರ್ಮಾನಿಸಿ. ಯಾವಾಗ ಎಷ್ಟು ಅಂಗಡಿಗೆ ಬರಬೇಕು ಎಂಬುದನ್ನು ಮಳೆ ನೋಡಿ.

ಇಲ್ಲಿ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಶಿಫಾರಸು ಮಾಡುವ ಚಲಿಸುವ ಸರಾಸರಿಯ ವಿಧಾನದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಏರಿಕೆಯ ಸಮಸ್ಯೆ ಗೊತ್ತಾದ ಕೂಡಲೇ ನೀವು ಅದರ ಕಡೆ ಹೋಗುತ್ತೀರಿ. ಆ ವಿಧಾನದಲ್ಲಿ ಒಂದು ತಿಂಗಳ ಮಟ್ಟ ತಿಳಿಯಲು ಆ ತಿಂಗಳ ಜೊತೆಗೆ ಅದರ ಹಿಂದಿನ ಆರು ಮತ್ತು ಮುಂದಿನ ಆರು ತಿಂಗಳುಗಳನ್ನು ಬಳಸುತ್ತಾರೆ. ಎರಡು ತುದಿಯ ತಿಂಗಳುಗಳಿಗೆ ಅರ್ಧ ತೂಕ ಕೊಟ್ಟು, ಎಲ್ಲವನ್ನೂ ಕೂಡಿಸಿ, ಹನ್ನೆರಡರಿಂದ ಭಾಗಿಸುತ್ತಾರೆ. ಮೊದಲ ವರ್ಷದ ಜುಲೈಗೆ ಇದನ್ನು ಮಾಡಿದರೆ 1800ರಲ್ಲಿ ಜನವರಿಯ 36ರ ಅರ್ಧ ಕಳೆದು, ಮುಂದಿನ ಜನವರಿಯ 50ರ ಅರ್ಧ ಸೇರಿಸಿ, 1807 ಬರುತ್ತದೆ. ಹನ್ನೆರಡರಿಂದ ಭಾಗಿಸಿದರೆ 150.6. ಜುಲೈಯ 360 ಅನ್ನು ಇದರಿಂದ ಭಾಗಿಸಿದರೆ 239. ಏರಿಕೆ ಒಂದೇ ಅಳತೆಯಲ್ಲಿ ಇಲ್ಲದಿದ್ದಾಗಲೂ ಇದು ಕೆಲಸ ಮಾಡುತ್ತದೆ, ಅದೇ ಇದರ ದೊಡ್ಡ ಗುಣ.

ಬೆಲೆ ತೆರಬೇಕಾಗುವುದು ತುದಿಗಳಲ್ಲಿ. ಮೊದಲ ಆರು ತಿಂಗಳಿಗೆ ಹಿಂದಿನ ಅಂಕಿಗಳಿಲ್ಲ, ಕೊನೆಯ ಆರು ತಿಂಗಳಿಗೆ ಮುಂದಿನ ಅಂಕಿಗಳಿಲ್ಲ. ಮೂವತ್ತಾರರಲ್ಲಿ ಇಪ್ಪತ್ತನಾಲ್ಕು ತಿಂಗಳು ಮಾತ್ರ ಉಳಿಯುತ್ತವೆ, ಪ್ರತಿ ತಿಂಗಳಿಗೆ ಎರಡೆರಡೇ ಅನುಪಾತ. ನಿಮ್ಮ ಪಟ್ಟಿಯಲ್ಲಿ ಕತ್ತರಿ ಬೀಳುವ ಜಾಗ ನೋಡಿ: ಮೂರನೆಯ ವರ್ಷದ ಜೂನ್ ಒಳಗೆ ಉಳಿಯುತ್ತದೆ, ಜುಲೈ ಹೊರಗೆ ಬೀಳುತ್ತದೆ. ತಡವಾದ ಮಳೆಯಿಂದ ಜೂನ್‌ನಲ್ಲಿ ಆದ ನಷ್ಟ ಲೆಕ್ಕಕ್ಕೆ ಬಂತು, ಜುಲೈಯಲ್ಲಿ ಅದು ಮರಳಿ ಬಂದದ್ದು ಬರಲಿಲ್ಲ. ಜೂನ್‌ಗೆ ಸಿಗುವ ಎರಡು ಅನುಪಾತಗಳು 265 ಮತ್ತು 180, ಸರಾಸರಿ ಸುಮಾರು 222. ಜುಲೈಗೆ 239 ಮತ್ತು 237, ಸರಾಸರಿ 238. ಎರಡೂ ಸೇರಿ 460. ಪ್ರತಿ ವರ್ಷವೂ 500ರ ಬಳಿ ನಿಂತಿದ್ದ ಮೊತ್ತದಲ್ಲಿ ನಲವತ್ತು ಅಂಶ ಮಾಯವಾಯಿತು. ಆಮೇಲೆ ಹನ್ನೆರಡು ಸೂಚ್ಯಂಕಗಳ ಮೊತ್ತವನ್ನು 1200ಕ್ಕೆ ಸರಿಹೊಂದಿಸುವಾಗ ಆ ನಲವತ್ತು ಮಾರ್ಚ್, ಅಕ್ಟೋಬರ್, ಡಿಸೆಂಬರ್ ಹೀಗೆ ಎಲ್ಲ ತಿಂಗಳುಗಳಿಗೂ ಹಂಚಿಹೋಗುತ್ತದೆ, ಮಳೆಗೆ ಸಂಬಂಧವೇ ಇಲ್ಲದ ತಿಂಗಳುಗಳ ಸೂಚ್ಯಂಕವೂ ಉಬ್ಬುತ್ತದೆ. ಅನುಪಾತಗಳು ಎರಡೇ ಇರುವಾಗ ಮಧ್ಯಾಂಕವೂ ಸರಾಸರಿಯೂ ಒಂದೇ ಆಗುವುದರಿಂದ ಅದೂ ನಿಮ್ಮ ನೆರವಿಗೆ ಬರುವುದಿಲ್ಲ. ಐದಾರು ವರ್ಷಗಳ ಲೆಕ್ಕ ಇದ್ದರೆ ಚಲಿಸುವ ಸರಾಸರಿಯನ್ನೇ ಬಳಸಿ ಎನ್ನುತ್ತೇನೆ. ಮೂರು ವರ್ಷದ ಲೆಕ್ಕಕ್ಕೆ, ಅದರಲ್ಲೂ ಏರಿಕೆ ಇಷ್ಟು ಸಮನಾಗಿರುವಾಗ, ಮೇಲಿನ ಸೂತ್ರವೇ ಒಳ್ಳೆಯದು.

ಇದೇ ರೀತಿ ನಿಮ್ಮ ಉಳಿದ ತಿಂಗಳುಗಳಿಗೂ ಮಾಡಿ ಮಧ್ಯಾಂಕಗಳನ್ನು ಪೂರ್ಣಾಂಕಕ್ಕೆ ತಂದಾಗ ಹನ್ನೆರಡರ ಮೊತ್ತ 1208 ಬಂತು. ಅದು 1200 ಇರಬೇಕು, ಏಕೆಂದರೆ ಹನ್ನೆರಡು ತಿಂಗಳ ಸರಾಸರಿ 100 ಆಗದಿದ್ದರೆ ಸೂಚ್ಯಂಕವೇ ಮಾರಾಟವನ್ನು ಹೆಚ್ಚಿಸಿದಂತಾಗುತ್ತದೆ. ಪ್ರತಿಯೊಂದನ್ನೂ 1200ರಿಂದ ಗುಣಿಸಿ 1208ರಿಂದ ಭಾಗಿಸಿದರೆ ಕೊನೆಯ ಪಟ್ಟಿ ಹೀಗೆ: ಜನವರಿ 28, ಫೆಬ್ರವರಿ 28, ಮಾರ್ಚ್ 40, ಏಪ್ರಿಲ್ 61, ಮೇ 111, ಜೂನ್ 262, ಜುಲೈ 235, ಆಗಸ್ಟ್ 171, ಸೆಪ್ಟೆಂಬರ್ 121, ಅಕ್ಟೋಬರ್ 77, ನವೆಂಬರ್ 36, ಡಿಸೆಂಬರ್ 30. ತಿದ್ದುಪಡಿ ಶೇಕಡ ಒಂದಕ್ಕಿಂತ ಕಡಿಮೆ ಇರುವುದು ಒಳ್ಳೆಯ ಲಕ್ಷಣ. ಮೊತ್ತ 1150ಕ್ಕೋ 1250ಕ್ಕೋ ಹೋಗಿದ್ದರೆ ತಿದ್ದುವುದಕ್ಕೆ ಮೊದಲು ಯಾವ ತಿಂಗಳು ಕೆಟ್ಟಿದೆ ಎಂದು ಹುಡುಕಬೇಕಿತ್ತು.

ಇದನ್ನು ಬಳಸುವುದು ಎರಡು ದಿಕ್ಕಿನಲ್ಲಿ. ಮುಂದಕ್ಕೆ: ನಾಲ್ಕನೆಯ ವರ್ಷದ ಸರಾಸರಿ 300 ಆಗುತ್ತದೆ ಎಂದುಕೊಂಡರೆ ಜೂನ್‌ನ ಮಟ್ಟ 298, ಅದರ ಶೇಕಡ 262 ಎಂದರೆ ಸುಮಾರು 780, ಜುಲೈಯ ಮಟ್ಟ 302, ಅದರ ಶೇಕಡ 235 ಎಂದರೆ 710. ಎರಡು ತಿಂಗಳಿಗೆ ಒಟ್ಟು 1490 ಛತ್ರಿ. ಹಿಂದಕ್ಕೆ: ಮಾರ್ಚ್‌ನಲ್ಲಿ 120 ಮಾರಾಟವಾಯಿತು ಎಂದರೆ ಅದನ್ನು 40ರಿಂದ ಭಾಗಿಸಿ ನೂರರಿಂದ ಗುಣಿಸಿ, 300 ಬರುತ್ತದೆ. ಮಾರ್ಚ್‌ನಲ್ಲಿ ಇರಬೇಕಿದ್ದ ಮಟ್ಟ 285. ಅಂದರೆ ವ್ಯಾಪಾರ ನಿರೀಕ್ಷೆಗಿಂತ ಶೇಕಡ 5ರಷ್ಟು ಮುಂದಿದೆ. ‘ಹೋದ ಜುಲೈಯಲ್ಲಿ 800 ಹೋಗಿತ್ತು, ಈ ಮಾರ್ಚ್‌ನಲ್ಲಿ 120 ಮಾತ್ರ’ ಎಂಬ ಹೋಲಿಕೆಗೆ ಅರ್ಥವಿಲ್ಲ. 300 ಮತ್ತು 285ರ ಹೋಲಿಕೆಗೆ ಅರ್ಥವಿದೆ.

ಆದರೆ ಸೂಚ್ಯಂಕ ಕಡಿಮೆ ಇರುವ ತಿಂಗಳುಗಳಿಂದ ದೊಡ್ಡ ತೀರ್ಮಾನಕ್ಕೆ ಬರಬೇಡಿ. ಮಾರ್ಚ್‌ನಲ್ಲಿ ಆರು ಛತ್ರಿ ಹೆಚ್ಚು ಹೋದರೆ ಲೆಕ್ಕದ ಮಟ್ಟ 15 ಏರುತ್ತದೆ, ವರ್ಷಕ್ಕೆ 180 ಛತ್ರಿ ಹೆಚ್ಚು ಎಂದು ಓದಬೇಕಾಗುತ್ತದೆ. ಜೂನ್‌ನಲ್ಲಿ ಅದೇ ಆರು ಛತ್ರಿಯಿಂದ ಮಟ್ಟ ಎರಡು ಚಿಲ್ಲರೆ ಮಾತ್ರ ಏರುತ್ತದೆ. ಒಂದು ಅಕಾಲಿಕ ಮಳೆ, ಒಬ್ಬ ಗಿರಾಕಿಯ ದೊಡ್ಡ ಖರೀದಿ, ಇಷ್ಟು ಸಾಕು ಮಾರ್ಚ್ ಸುಳ್ಳು ಹೇಳುವುದಕ್ಕೆ. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳನ್ನು ಒಟ್ಟಿಗೆ ಕೂಡಿಸಿ, ಅವುಗಳ ಸೂಚ್ಯಂಕದ ಮೊತ್ತ 157ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾತು ಇನ್ನಷ್ಟು ನಂಬಿಕೆಗೆ ಅರ್ಹವಾಗುತ್ತದೆ.

ಸಿಹಿತಿಂಡಿಯ ಲೆಕ್ಕದಲ್ಲಿ ತೊಡಕು ಬೇರೆ ಜಾಗದಲ್ಲಿದೆ. ಛತ್ರಿಯ ಸೂಚ್ಯಂಕ 28ರಿಂದ 262ರವರೆಗೆ ಹರಡಿರುವುದರಿಂದ ತಿಂಗಳ ದಿನಗಳ ಸಂಖ್ಯೆ 28 ಆದರೂ 31 ಆದರೂ ಕಾಣುವುದಿಲ್ಲ. ದಿನವೂ ಒಂದಿಷ್ಟು ಹೋಗುತ್ತಲೇ ಇರುವ ಸಿಹಿತಿಂಡಿಯಲ್ಲಿ ಅದು ಎದ್ದು ಕಾಣುತ್ತದೆ. ದಿನಕ್ಕೆ ಸರಿಯಾಗಿ 100 ಕಿಲೋ ಹೋದರೂ ಜನವರಿಯಲ್ಲಿ 3100, ಫೆಬ್ರವರಿಯಲ್ಲಿ 2800. ಸೂಚ್ಯಂಕ ಮಾಡಿದರೆ 102 ಮತ್ತು 92. ಫೆಬ್ರವರಿಯಲ್ಲಿ ಜನ ಸಿಹಿ ಕಡಿಮೆ ತಿನ್ನುತ್ತಾರೆ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ಆದ್ದರಿಂದ ಸಿಹಿತಿಂಡಿಗೆ ಮೊದಲು ದಿನವಹಿ ಮಾರಾಟ ತೆಗೆದು, ಆಮೇಲೆ ಸೂಚ್ಯಂಕ ಮಾಡಿ.

ಹಬ್ಬದ ವಿಷಯ ಮಳೆ ತಡವಾದ ವರ್ಷದಂಥದ್ದೇ, ಒಂದು ಅನುಕೂಲದೊಡನೆ. ಚಾಂದ್ರಮಾನ ಲೆಕ್ಕದಲ್ಲಿ ಬರುವ ಹಬ್ಬ ಒಂದು ವರ್ಷ ಒಂದು ತಿಂಗಳಿಗೆ, ಇನ್ನೊಂದು ವರ್ಷ ಪಕ್ಕದ ತಿಂಗಳಿಗೆ ಬೀಳುತ್ತದೆ. ಆದರೆ ಯಾವ ವರ್ಷ ಎಲ್ಲಿ ಬೀಳುತ್ತದೆ ಎಂಬುದು ಮೊದಲೇ ಗೊತ್ತು. ಹೀಗಾಗಿ ಇಲ್ಲಿ ಮಧ್ಯಾಂಕದ ಮೊರೆ ಹೋಗಬೇಕಾಗಿಲ್ಲ. ಹಬ್ಬದ ಹಿಂದಿನ ದಿನಗಳ ಹೆಚ್ಚುವರಿ ಮಾರಾಟವನ್ನು ಬೇರೆಯಾಗಿ ಎತ್ತಿಡಿ, ಉಳಿದ ದಿನಗಳಿಗೆ ತಿಂಗಳ ಸೂಚ್ಯಂಕ ಮಾಡಿ, ಎತ್ತಿಟ್ಟದ್ದನ್ನು ಈ ವರ್ಷ ಹಬ್ಬ ಬೀಳುವ ತಿಂಗಳಿಗೆ ಸೇರಿಸಿ. ಹಬ್ಬ ತಿಂಗಳ ಮೊದಲ ದಿನಗಳಲ್ಲೇ ಇದ್ದರೆ ಹೆಚ್ಚಿನ ಮಾರಾಟ ಹಿಂದಿನ ತಿಂಗಳಲ್ಲೇ ನಡೆದುಹೋಗುತ್ತದೆ, ಅದನ್ನು ಗಮನಿಸಿ.

ಇನ್ನು ಎರಡರ ಹೋಲಿಕೆ. ಛತ್ರಿಯ ಜೂನ್ ಸೂಚ್ಯಂಕ 262, ಸಿಹಿತಿಂಡಿಯದು 90 ಎಂದಿಟ್ಟುಕೊಂಡರೆ, ಜೂನ್‌ನಲ್ಲಿ ಛತ್ರಿಗೆ ಹೆಚ್ಚು ಬೇಡಿಕೆ ಎಂದು ಅದರಿಂದ ಹೇಳಲಾಗದು. ಪ್ರತಿಯೊಂದೂ ತನ್ನ ಸ್ವಂತ ಸರಾಸರಿಯ ಎದುರು ನಿಂತಿದೆ, ಇನ್ನೊಂದರ ಎದುರು ಅಲ್ಲ. ಹೋಲಿಸಬಹುದಾದದ್ದು ಆಕಾರವನ್ನು: ಯಾವುದರ ವರ್ಷ ಹೆಚ್ಚು ಏರುಪೇರಿನದು, ಒಂದರ ಬಿಡುವಿನ ತಿಂಗಳು ಇನ್ನೊಂದರ ಜೋರಿನ ತಿಂಗಳಾಗಿದೆಯೇ. ಇಡೀ ಅಂಗಡಿಯ ಸೂಚ್ಯಂಕ ಬೇಕೆಂದು 262 ಮತ್ತು 90ರ ಸರಾಸರಿ 176 ಎಂದು ಬರೆದುಕೊಳ್ಳಬೇಡಿ. ವರ್ಷದ ವಹಿವಾಟಿನ ಹಣದಲ್ಲಿ ಸಿಹಿತಿಂಡಿಯ ಪಾಲು ಶೇಕಡ 90, ಛತ್ರಿಯದು ಶೇಕಡ 10 ಆಗಿದ್ದರೆ, 90ರ ಹತ್ತರಲ್ಲಿ ಒಂಬತ್ತು ಪಾಲು 81, 262ರ ಹತ್ತರಲ್ಲಿ ಒಂದು ಪಾಲು 26; ಅಂಗಡಿಯ ಜೂನ್ ಸೂಚ್ಯಂಕ 107.